ವಾರಕ್ಕೊಮ್ಮೆಯ ಮಾತ್ರೆ, ಚೀಟಿಯಲ್ಲಿ ‘ದಿನಕ್ಕೊಂದು’: ಫಾರ್ಮಸಿಸ್ಟ್ ಡಾಕ್ಟರನ್ನು ಹೇಗೆ ಕೇಳಬೇಕು?

ವಾರಕ್ಕೊಮ್ಮೆ ನುಂಗಬೇಕಿದ್ದ ಮಾತ್ರೆಯನ್ನು ದಿನಾ ನುಂಗಿ ರೋಗಿ ತೀರಿಕೊಂಡರು. ಇಂಥ ಸುದ್ದಿ ಒಂದಲ್ಲ ಒಂದು ದೇಶದಿಂದ ಬರುತ್ತಲೇ ಇರುತ್ತದೆ. ಊರು ಬೇರೆ, ಆಸ್ಪತ್ರೆ ಬೇರೆ, ಆದರೆ ಮಾತ್ರೆಯ ಹೆಸರು ಎಷ್ಟೋ ಸಲ ಅದೇ: ಮೆಥೋಟ್ರೆಕ್ಸೇಟ್. ಓದಿದವರಿಗೆ ಮೊದಲು ಬರೋ ಪ್ರಶ್ನೆ, ಡಾಕ್ಟರು ತಪ್ಪು ಬರೆದರು ಅಂತಲೇ ಇಟ್ಟುಕೊಳ್ಳೋಣ, ಮಾತ್ರೆ ಕೊಟ್ಟವರಿಗೆ ಗೊತ್ತಾಗಲಿಲ್ವಾ? ಗೊತ್ತಾಗಿದ್ದರೆ ಯಾಕೆ ಕೇಳಲಿಲ್ಲ? ಕೇಳಿದ್ದರೂ ಯಾಕೆ ಕೊಟ್ಟರು?

ಇದರ ಉಲ್ಟಾ ದೂರೂ ಇದೆ. ಚೀಟಿ ಹಿಡಿದು ಹೋದರೆ ಫಾರ್ಮಸಿಸ್ಟ್ ಮಾತ್ರೆ ಕೊಡಲಿಲ್ಲ, ಡಾಕ್ಟರ ಹತ್ತಿರ ಕೇಳಬೇಕು ಅಂತ ಕಾಯಿಸಿದರು, ಇವರೇನು ಡಾಕ್ಟರಿಗಿಂತ ದೊಡ್ಡವರಾ ಅನ್ನೋ ಸಿಟ್ಟು. ಎರಡೂ ದೂರು ನಿಂತಿರೋದು ಒಂದೇ ಜಾಗದಲ್ಲಿ, ಫಾರ್ಮಸಿಸ್ಟ್ ಡಾಕ್ಟರಿಗೆ ಮಾಡೋ ಆ ಒಂದು ಫೋನಿನಲ್ಲಿ. ಆ ಫೋನಿನಲ್ಲಿ ಏನು ಮಾತಾಡುತ್ತಾರೆ, ಯಾವ ಮಾತು ಕೆಲಸ ಮಾಡುತ್ತದೆ, ಯಾವುದು ಮಾಡೋದಿಲ್ಲ ಅಂತ ಈ ಒಂದು ಮಾತ್ರೆಯನ್ನೇ ಇಟ್ಟುಕೊಂಡು ನೋಡೋಣ.

## ಈ ಮಾತ್ರೆಯಲ್ಲಿ ಅಂಥದ್ದೇನಿದೆ

ಮೈಯಲ್ಲಿರೋ ಕೋಶ ಒಡೆದು ಎರಡಾಗಬೇಕಾದರೆ ಫೋಲೇಟ್ ಅನ್ನೋ ವಿಟಮಿನ್ ಬೇಕು. ಮೆಥೋಟ್ರೆಕ್ಸೇಟ್ ಮಾಡೋ ಕೆಲಸ, ಕೋಶ ಆ ಫೋಲೇಟನ್ನು ಬಳಸಿಕೊಳ್ಳದ ಹಾಗೆ ಅಡ್ಡ ನಿಲ್ಲೋದು. ಅದಕ್ಕೇ ಇದು ಹುಟ್ಟಿದ್ದು ಕ್ಯಾನ್ಸರ್ ಔಷಧವಾಗಿ. ಆಮೇಲೆ ಇದನ್ನೇ ತುಂಬ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಸಂಧಿವಾತ, ಸೋರಿಯಾಸಿಸ್ ಥರದ ಕಾಯಿಲೆಗಳು ಹತೋಟಿಗೆ ಬರುತ್ತವೆ ಅಂತ ಗೊತ್ತಾಯಿತು. ಈಗ ರುಮಟಾಯ್ಡ್ ಸಂಧಿವಾತಕ್ಕೆ ಮೊದಲು ನೆನಪಾಗೋ ಔಷಧಗಳಲ್ಲಿ ಇದೂ ಒಂದು. ಸಾಮಾನ್ಯವಾಗಿ ವಾರಕ್ಕೆ 7.5ರಿಂದ 15 ಮಿಲಿಗ್ರಾಂನಲ್ಲಿ ಶುರುಮಾಡಿ, ಬೇಕಾದರೆ 25ರವರೆಗೆ ಏರಿಸುತ್ತಾರೆ. ವಾರಕ್ಕೆ, ದಿನಕ್ಕಲ್ಲ.

ವಾರಕ್ಕೊಮ್ಮೆ ಯಾಕೆ? ಬೇಗ ಬೇಗ ಒಡೆಯೋ ಕೋಶಗಳು ಮೈಯಲ್ಲಿ ಕೆಲವು ಕಡೆ ಇರುತ್ತವೆ. ರಕ್ತ ಹುಟ್ಟೋ ಮೂಳೆಮಜ್ಜೆ, ಬಾಯಿಯ ಒಳಚರ್ಮ, ಕರುಳಿನ ಒಳಪದರ. ಒಂದು ದಿನ ಔಷಧ ಬಿದ್ದರೆ ಇವಕ್ಕೆ ಪೆಟ್ಟು ಬೀಳುತ್ತದೆ, ಉಳಿದ ಆರು ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ದಿನಾ ಬಿದ್ದರೆ ಚೇತರಿಸಿಕೊಳ್ಳೋಕೆ ಬಿಡುವೇ ಇಲ್ಲ. ಇಲ್ಲಿ ತುಂಬ ಜನ ತಪ್ಪು ತಿಳಿಯೋ ಒಂದು ವಿಷಯ ಇದೆ. ಕ್ಯಾನ್ಸರಿಗೆ ಇದೇ ಔಷಧವನ್ನು ಗ್ರಾಂ ಲೆಕ್ಕದಲ್ಲೂ ಕೊಡುತ್ತಾರೆ, ಹಾಗಿದ್ದಮೇಲೆ ದಿನಕ್ಕೆ 10 ಮಿಲಿಗ್ರಾಂ ಏನು ಮಹಾ ಅಂತ ಅನ್ನಿಸಬಹುದು. ಆದರೆ ಅಲ್ಲಿ ಆಸ್ಪತ್ರೆಯಲ್ಲಿ ಮಲಗಿಸಿ, ರಕ್ತದಲ್ಲಿ ಔಷಧ ಎಷ್ಟಿದೆ ಅಂತ ಅಳೆಯುತ್ತಾ, ಹೊತ್ತು ಹೊತ್ತಿಗೆ ಲ್ಯೂಕೋವೊರಿನ್ ಅನ್ನೋ ಮಾರುಮದ್ದು ಕೊಟ್ಟು ಕೋಶಗಳನ್ನು ಕಾಪಾಡುತ್ತಾರೆ. ಈ ಔಷಧದ ವಿಷಯದಲ್ಲಿ ಎಷ್ಟು ತಗೊಂಡರು ಅನ್ನೋದಕ್ಕಿಂತ ಎಷ್ಟು ದಿನ ಬಿಡದೆ ತಗೊಂಡರು ಅನ್ನೋದು ಜಾಸ್ತಿ ಕಾಡುತ್ತದೆ.

ತಪ್ಪಾಗಿ ದಿನಾ ತಗೊಂಡರೆ ಮೊದಲ ಸೂಚನೆ ಎಷ್ಟೋ ಸಲ ಬಾಯಿಹುಣ್ಣು. ಜೊತೆಗೆ ವಾಂತಿ, ಭೇದಿ. ಆಮೇಲೆ ಬಿಳಿ ರಕ್ತಕಣ ಇಳಿದು ಜ್ವರ, ಗಂಟಲುನೋವು, ಪ್ಲೇಟ್‌ಲೆಟ್ ಇಳಿದು ಚರ್ಮದ ಮೇಲೆ ನೀಲಿ ಕಲೆ. ಬಾಯಿಹುಣ್ಣಿಗೆ ಸುಮ್ನೆ ವಿಟಮಿನ್ ಮಾತ್ರೆ ತಗೊಂಡು, ಆ ಕಡೆ ಮೆಥೋಟ್ರೆಕ್ಸೇಟ್ ಮುಂದುವರಿಸಿದರೆ ಕಥೆ ಕೆಡುತ್ತದೆ.

## ‘ದಿನಕ್ಕೊಂದು’ ಎಲ್ಲಿಂದ ಬರುತ್ತದೆ

ಡಾಕ್ಟರಿಗೆ ಈ ವಿಷಯ ಗೊತ್ತಿಲ್ಲ ಅಂತಲ್ಲ. ಬರೆಯೋರಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಗೊತ್ತಿರುತ್ತದೆ. ತಪ್ಪು ನುಸುಳೋದು ಕೈ ಅಭ್ಯಾಸದಿಂದ. ಬಹುಪಾಲು ಮಾತ್ರೆಗಳು ದಿನದ ಲೆಕ್ಕದವು, ಹಾಗಾಗಿ ಕೈ ತಾನಾಗಿ ‘ಓಡಿ’ ಅಂತ ಬರೆಯುತ್ತದೆ. ಓಡಿ ಅಂದರೆ ದಿನಕ್ಕೊಮ್ಮೆ ಅನ್ನೋ ಚುಟುಕು ಬರಹ. (ಅದೇ ಎರಡು ಅಕ್ಷರಕ್ಕೆ ಕಣ್ಣಿನ ವಿಭಾಗದಲ್ಲಿ ಬಲಗಣ್ಣು ಅಂತ ಅರ್ಥ. ಚುಟುಕು ಬರಹಗಳ ಅವತಾರ ಇಷ್ಟು.) ಕಂಪ್ಯೂಟರಿನಲ್ಲಿ ಬರೆಯೋ ಕಡೆ ಔಷಧ ಆರಿಸಿದ ಕೂಡಲೇ ‘ದಿನಕ್ಕೊಂದು’ ಅಂತ ತಾನೇ ತುಂಬಿಕೊಳ್ಳೋ ತಂತ್ರಾಂಶಗಳಿವೆ. ಅದನ್ನು ಬದಲಿಸೋದು ಮರೆತರೆ ಚೀಟಿ ಅಚ್ಚುಕಟ್ಟಾಗಿ, ಸ್ಪಷ್ಟವಾಗಿ, ತಪ್ಪಾಗಿ ಅಚ್ಚಾಗುತ್ತದೆ. ಕೈಬರಹದ ಚೀಟಿಯಾದರೆ ಓದೋಕೆ ಆಗದೆ ಅನುಮಾನವಾದರೂ ಬರುತ್ತಿತ್ತು.

ಇನ್ನೊಂದು ದಾರಿ ಅದಲು ಬದಲು. ಮೆಥೋಟ್ರೆಕ್ಸೇಟ್ ಜೊತೆ ಅಡ್ಡಪರಿಣಾಮ ಕಡಿಮೆ ಮಾಡೋಕೆ ಫೋಲಿಕ್ ಆಸಿಡ್ ಕೊಡೋದು ರೂಢಿ. ಅದನ್ನು ಕೆಲವರು ವಾರಕ್ಕೊಮ್ಮೆ ಬರೆಯುತ್ತಾರೆ, ಕೆಲವರು ಮೆಥೋಟ್ರೆಕ್ಸೇಟ್ ದಿನ ಬಿಟ್ಟು ಉಳಿದ ಆರೂ ದಿನ ಬರೆಯುತ್ತಾರೆ. ಒಂದು ವಾರಕ್ಕೊಮ್ಮೆ, ಒಂದು ದಿನಾ. ಎರಡು ಸಾಲು ತಿರುಗುಮುರುಗಾಗೋಕೆ ಎಷ್ಟು ಹೊತ್ತು ಬೇಕು? ಸಾಲದ್ದಕ್ಕೆ ಅನೇಕ ಕಂಪನಿಗಳ ತಯಾರಿಕೆಯಲ್ಲಿ ಎರಡೂ ಚಿಕ್ಕ ಹಳದಿ ಮಾತ್ರೆಗಳೇ.

ಚೀಟಿ ಸರಿ ಇದ್ದರೂ ತಪ್ಪಾಗುತ್ತದೆ. ಇಂಗ್ಲಿಷ್‌ನಲ್ಲಿ ‘ಮಂಡೇ’ ಅಂತ ಇದ್ದದ್ದನ್ನು ‘ಮಾರ್ನಿಂಗ್’ ಅಂತ ಓದಿಕೊಂಡು ದಿನಾ ಬೆಳಿಗ್ಗೆ ನುಂಗಿದ ಪ್ರಕರಣವೂ ದಾಖಲಾಗಿದೆ. ಇದನ್ನೆಲ್ಲಾ ನೋಡಿಯೇ ಅಮೆರಿಕದ ಔಷಧ ನಿಯಂತ್ರಕರಾದ ಎಫ್‌ಡಿಎ, ದಿನಾ ತಗೊಂಡರೆ ಸಾವು ಬರಬಹುದು ಅಂತ ಔಷಧದ ಮಾಹಿತಿಪತ್ರದಲ್ಲಿ ಚೌಕಟ್ಟು ಹಾಕಿ ಎಚ್ಚರಿಸಿದ್ದಾರೆ. ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಪೊಟ್ಟಣದ ಮೇಲೆ ಎಚ್ಚರಿಕೆ ಎದ್ದು ಕಾಣಬೇಕು, ರೋಗಿಗೆ ಒಂದು ಕಾರ್ಡ್ ಕೊಡಬೇಕು ಅನ್ನೋ ಕ್ರಮಗಳನ್ನು ತಂದಿತು. ಕಾಗದದ ಮೇಲೆ ಎಚ್ಚರಿಕೆ ಬೇಕಾದಷ್ಟಿದೆ. ಆದರೂ ತಪ್ಪು ಚೀಟಿ ಬಂದು ಎದುರಿಗೆ ನಿಂತಾಗ ಅದನ್ನು ತಡೆಯೋಕೆ ಉಳಿಯೋದು ಒಬ್ಬ ಮನುಷ್ಯ, ಒಂದು ಫೋನು.

## ಒಂದು ಚೀಟಿ

ಹೀಗೊಂದು ಚೀಟಿ ಬಂತು ಅಂದುಕೊಳ್ಳೋಣ. ಇದು ಯಾರದೋ ನಿಜವಾದ ಚೀಟಿಯಲ್ಲ, ವಿಷಯ ಬಿಡಿಸಿ ಹೇಳೋಕೆ ಕಟ್ಟಿಕೊಂಡದ್ದು. ರೋಗಿ 62 ವರ್ಷದ ಹೆಂಗಸು. ಚೀಟಿಯಲ್ಲಿ ಎರಡೇ ಸಾಲು:

ಮೆಥೋಟ್ರೆಕ್ಸೇಟ್ 10 ಮಿ.ಗ್ರಾಂ, ದಿನಕ್ಕೊಂದು, 4 ವಾರ.
ಫೋಲಿಕ್ ಆಸಿಡ್ 5 ಮಿ.ಗ್ರಾಂ, ವಾರಕ್ಕೊಂದು, 4 ವಾರ.

ಯಾವ ಕಾಯಿಲೆಗೆ ಅಂತ ಬರೆದಿಲ್ಲ. ಹೀಗೇ ಕೊಟ್ಟರೆ ವಾರಕ್ಕೆ 70 ಮಿಲಿಗ್ರಾಂ, ಅಂದರೆ ಬೇಕಾದದ್ದರ ಏಳರಷ್ಟು. ಎರಡನೇ ಸಾಲು ನೋಡಿದರೆ ಅನುಮಾನ ಗಟ್ಟಿಯಾಗುತ್ತದೆ, ಎರಡರ ಲೆಕ್ಕವೂ ಅದಲು ಬದಲಾದ ಹಾಗಿದೆ.

ಹಾಗಂತ ಫಾರ್ಮಸಿಸ್ಟ್ ತಾನೇ ತಿದ್ದಿ, ವಾರಕ್ಕೊಂದು ಅಂತ ಬರೆದು ಕೊಡಬಹುದಾ? ಕೊಡಬಾರದು. ಊಹೆ ನೂರಕ್ಕೆ ತೊಂಬತ್ತೊಂಬತ್ತು ಸರಿ ಇರಬಹುದು, ಆದರೂ ಅದು ಊಹೆಯೇ. ಗರ್ಭಕೋಶದಲ್ಲಿ ಹುಟ್ಟೋ ಒಂದು ಬಗೆಯ ಗಡ್ಡೆಗೆ ಇದೇ ಔಷಧವನ್ನು ಇಂಜೆಕ್ಷನ್ ಆಗಿ ಸತತ ಐದು ದಿನ ಕೊಡೋ ಕ್ರಮವೂ ಇದೆ. ದಿನಾ ಅನ್ನೋದು ಎಲ್ಲೆಲ್ಲೂ ತಪ್ಪಲ್ಲ. 62 ವರ್ಷದವರಿಗೆ ಮನೆಯಲ್ಲಿ ನುಂಗೋ ಮಾತ್ರೆಯಾಗಿ 4 ವಾರ ಅನ್ನೋದು ತಪ್ಪು ಅಂತ ಕಾಣುತ್ತದೆ, ಅಷ್ಟೇ. ಅದಕ್ಕೇ ಕೇಳಬೇಕು.

## ಫೋನ್ ಮಾಡೋ ಮುಂಚೆ ಎರಡು ನಿಮಿಷ

ಡಾಕ್ಟರಿಗೆ ಸಿಟ್ಟು ಬರೋದು ಕೇಳಿದ್ದಕ್ಕಲ್ಲ, ತಯಾರಿಲ್ಲದೆ ಕೇಳಿದ್ದಕ್ಕೆ. ಹಾಗಾಗಿ ಮೊದಲು ರೋಗಿಯನ್ನೇ ಕೇಳಬೇಕು. ಇದು ಯಾವುದಕ್ಕೆ ಅಂತ ಡಾಕ್ಟರು ಹೇಳಿದ್ರಾ? ಹೇಗೆ ತಗೊಳ್ಳಿ ಅಂದ್ರು? ಮುಂಚೆ ತಗೊಂಡಿದ್ದೀರಾ? ಮೂತ್ರಪಿಂಡದ ತೊಂದರೆ ಏನಾದರೂ ಇದೆಯಾ, ಇತ್ತೀಚೆಗೆ ರಕ್ತ ಪರೀಕ್ಷೆ ಆಗಿದೆಯಾ, ಬೇರೆ ಏನು ಮಾತ್ರೆ ನಡೆಯುತ್ತಿದೆ? ಮೂತ್ರಪಿಂಡದ ಪ್ರಶ್ನೆ ಯಾಕಂದರೆ ಈ ಔಷಧ ಮೈಯಿಂದ ಹೊರಗೆ ಹೋಗೋದು ಬಹುಪಾಲು ಆ ದಾರಿಯಲ್ಲೇ. ದಾರಿ ಕಟ್ಟಿದರೆ ವಾರಕ್ಕೊಮ್ಮೆ ತಗೊಂಡದ್ದೂ ಮೈಯಲ್ಲೇ ಉಳಿಯುತ್ತದೆ.

ನಮ್ಮ ರೋಗಿ ಹೇಳಿದ್ದು: ಕೈಬೆರಳ ಗಂಟು ಊದಿಕೊಂಡು ನೋವು, ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟೋಕೆ ಆಗಲ್ಲ. ಮಾತ್ರೆ ಹೊಸದು. ಹೇಗೆ ತಗೊಳ್ಳೋದು ಅಂತ ‘ಚೀಟೀಲಿ ಬರೆದಿದೆ’ ಅಂದರಂತೆ. ಇಷ್ಟು ಸಾಕು. ಸಂಧಿವಾತಕ್ಕೇ ಕೊಟ್ಟದ್ದು ಅನ್ನೋದು ಹೆಚ್ಚುಕಡಿಮೆ ಖಚಿತ.

ಇಲ್ಲೇ ಒಂದು ಕವಲು ಬರುತ್ತದೆ. ಒಂದು ವೇಳೆ ಅವರು, ಇಲ್ಲ, ಇದು ಎರಡನೇ ಸಲ, ಹೋದ ವಾರದಿಂದ ದಿನಾ ತಗೊಳ್ತಾ ಇದ್ದೀನಿ, ಬಾಯೆಲ್ಲಾ ಹುಣ್ಣಾಗಿದೆ ಅಂದಿದ್ದರೆ, ಆಗ ಇದು ಚೀಟಿ ಕೇಳೋ ಫೋನಲ್ಲ. ಮಾತ್ರೆ ಅಲ್ಲಿಗೇ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಕಳಿಸಬೇಕು, ಡಾಕ್ಟರಿಗೂ ಹಾಗೆಂದೇ ಹೇಳಬೇಕು. ರಕ್ತಕಣ, ಮೂತ್ರಪಿಂಡ, ಯಕೃತ್ತಿನ ಪರೀಕ್ಷೆ, ಲ್ಯೂಕೋವೊರಿನ್, ಇದೆಲ್ಲಾ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನಾಳೆ ಡಾಕ್ಟರು ಸಿಕ್ಕ ಮೇಲೆ ನೋಡೋಣ ಅನ್ನೋ ಮಾತಿಲ್ಲ.

## ಮೆತ್ತಗೆ, ಒರಟಾಗಿ, ನೇರವಾಗಿ

ಈಗ ಫೋನು. ಮೊದಲು ಕೆಲಸ ಮಾಡದ ಎರಡು ಬಗೆ ನೋಡೋಣ.

“ಸಾರಿ ಸರ್, ತೊಂದರೆ ಕೊಡ್ತಾ ಇದ್ದೀನಿ, ಆ ಚೀಟಿ ಒಂದ್ಸಲ ನೋಡ್ತೀರಾ, ಎಲ್ಲಾ ಸರಿ ಇದೆ ಅಲ್ವಾ?” ಇದು ಮೆತ್ತಗಿನ ಬಗೆ. ಡಾಕ್ಟರ ಎದುರಿಗೆ ಇನ್ನೊಬ್ಬ ರೋಗಿ ಕೂತಿದ್ದಾರೆ. ಯಾವ ಚೀಟಿ, ಯಾವ ಔಷಧ, ಏನು ತೊಂದರೆ, ಒಂದೂ ಗೊತ್ತಿಲ್ಲ. “ಹ್ಞಾಂ ಹ್ಞಾಂ, ಸರಿ ಇದೆ, ಕೊಡಿ” ಅನ್ನುತ್ತಾರೆ, ಫೋನ್ ಇಡುತ್ತಾರೆ. ಈಗ ಪರಿಸ್ಥಿತಿ ಮೊದಲಿಗಿಂತ ಕೆಟ್ಟಿದೆ. ಯಾಕಂದರೆ ತಪ್ಪು ಚೀಟಿಗೆ ಈಗ ಡಾಕ್ಟರ ಒಪ್ಪಿಗೆಯೂ ಬಿದ್ದಿದೆ. ಮರ್ಯಾದೆ ಕೊಡೋ ಭರದಲ್ಲಿ ವಿಷಯವೇ ಮುಚ್ಚಿಹೋಯಿತು.

“ಮೆಥೋಟ್ರೆಕ್ಸೇಟ್ ದಿನಾ ಬರೆದಿದ್ದೀರಲ್ಲಾ, ರೋಗಿ ಸತ್ತರೆ ಯಾರು ಹೊಣೆ?” ಇದು ಒರಟಿನ ಬಗೆ. ವಿಷಯ ಇದೆ, ಸತ್ಯವೂ ಹೌದು. ಆದರೆ ಕೇಳಿಸಿಕೊಂಡವರ ಮನಸ್ಸು ಚೀಟಿ ಬಿಟ್ಟು ತಮ್ಮನ್ನು ಕಾಪಾಡಿಕೊಳ್ಳೋ ಕಡೆ ಹೋಗುತ್ತದೆ. ನೀವ್ಯಾರು ಕೇಳೋಕೆ ಅನ್ನೋ ಜಗಳ ಶುರುವಾದರೆ ಹಳದಿ ಮಾತ್ರೆ ಅಲ್ಲೇ ಮೇಜಿನ ಮೇಲೆ ಉಳಿಯುತ್ತದೆ.

ಕೆಲಸ ಮಾಡೋ ಬಗೆ ಹೀಗಿರುತ್ತದೆ:

“ನಮಸ್ಕಾರ ಡಾಕ್ಟ್ರೇ, ನಾನು ಫಾರ್ಮಸಿಸ್ಟ್ ಮಾತಾಡ್ತಾ ಇರೋದು. ನೀವು ಇವತ್ತು ನೋಡಿದ 62 ವರ್ಷದ ರೋಗಿಯ ಮೆಥೋಟ್ರೆಕ್ಸೇಟ್ ವಿಷಯ, ಮಾತ್ರೆ ಇನ್ನೂ ಕೊಟ್ಟಿಲ್ಲ. ಚೀಟಿಯಲ್ಲಿ 10 ಮಿಲಿಗ್ರಾಂ ದಿನಕ್ಕೊಂದು ಅಂತಿದೆ, ಫೋಲಿಕ್ ಆಸಿಡ್ ವಾರಕ್ಕೊಂದು ಅಂತಿದೆ. ಗಂಟುನೋವಿಗೆ ಹೊಸದಾಗಿ ಶುರು ಅಂತ ಅವರು ಹೇಳಿದ್ರು. ಸಂಧಿವಾತಕ್ಕೆ ಇದು ವಾರಕ್ಕೊಮ್ಮೆ ಕೊಡೋ ಔಷಧ, ದಿನಾ ಹೋದರೆ ರಕ್ತಕಣ ಬಿದ್ದುಹೋಗೋ ಅಪಾಯ ಇದೆ. ಎರಡು ಸಾಲು ಅದಲು ಬದಲಾಗಿರಬಹುದು ಅನ್ನಿಸ್ತು. ನೀವು ಯಾವ ದಿನ, ಎಷ್ಟು ಮಿಲಿಗ್ರಾಂ ಕೊಡಬೇಕು ಅಂತಿದ್ದೀರಿ?”

ಅರ್ಧ ನಿಮಿಷದ ಮಾತು. ಇದರಲ್ಲಿ ಕ್ಷಮೆ ಇಲ್ಲ, ಆರೋಪವೂ ಇಲ್ಲ. ಯಾರು, ಯಾವ ರೋಗಿ, ಏನು ಬರೆದಿದೆ, ಯಾಕೆ ಅಪಾಯ, ಏನು ಬೇಕು, ಇದೇ ಸಾಲಿನಲ್ಲಿ ಬರುತ್ತದೆ. ಈ ಜೋಡಣೆಗೆ ಆಸ್ಪತ್ರೆಗಳಲ್ಲಿ ‘ಎಸ್‌ಬಾರ್’ ಅಂತ ಹೆಸರಿದೆ, ಮೂಲ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದ ಕ್ರಮ ಅಂತ ಹೇಳುತ್ತಾರೆ. ಹೆಸರು ಏನೇ ಇರಲಿ, ‘ಮಾತ್ರೆ ಇನ್ನೂ ಕೊಟ್ಟಿಲ್ಲ’ ಅನ್ನೋದು ಮೊದಲೇ ಬಂದದ್ದು ಗಮನಿಸಿ. ಅನಾಹುತ ಆಗಿಲ್ಲ, ಈಗ ಸರಿಮಾಡಬಹುದು ಅಂತ ಗೊತ್ತಾದ ಕೂಡಲೇ ಕೇಳುವವರ ಎದೆ ಹಗುರಾಗುತ್ತದೆ. ಮಾತು ಸುಲಭವಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಕೊನೆಯ ಪ್ರಶ್ನೆ. ‘ವಾರಕ್ಕೊಮ್ಮೆ ತಾನೇ?’ ಅಂತ ಕೇಳಿದ್ದರೆ ‘ಹೌದು’ ಅನ್ನೋದು ತೀರ ಸುಲಭ, ಯೋಚನೆಯೇ ಬೇಕಿಲ್ಲ. ‘ಯಾವ ದಿನ’ ಅಂತ ಕೇಳಿದರೆ ಡಾಕ್ಟರು ಒಂದು ಕ್ಷಣ ನಿಂತು ಯೋಚಿಸಲೇಬೇಕು. ಬುಧವಾರ ಅಂತ ಬಾಯಲ್ಲಿ ಬಂದರೆ, ದಿನಾ ಅನ್ನೋದು ತಾನಾಗಿ ಸತ್ತುಹೋಗುತ್ತದೆ.

ನಮ್ಮ ಚೀಟಿಯ ಡಾಕ್ಟರು ಹೇಳಿದ್ದು: “ಅಯ್ಯೋ, ಉಲ್ಟಾ ಆಗಿದೆ. ಮೆಥೋಟ್ರೆಕ್ಸೇಟ್ ಬುಧವಾರ ಮಾತ್ರ 10, ಫೋಲಿಕ್ ಉಳಿದ ಆರು ದಿನ. ಒಳ್ಳೇದಾಯ್ತು ಕೇಳಿದ್ದು.” ಫಾರ್ಮಸಿಸ್ಟ್ ಅದನ್ನೇ ತಿರುಗಿಸಿ ಓದಿ ಹೇಳಬೇಕು: “ಮೆಥೋಟ್ರೆಕ್ಸೇಟ್ 10 ಮಿಲಿಗ್ರಾಂ, ಹತ್ತು, ವಾರಕ್ಕೆ ಒಂದೇ ದಿನ, ಬುಧವಾರ. ಫೋಲಿಕ್ 5, ಬುಧವಾರ ಬಿಟ್ಟು ದಿನಾ. ಸರಿಯಾ?” ಆಮೇಲೆ ತಿದ್ದಿದ ಚೀಟಿ ಕಳಿಸಿ ಅಂತ ಕೇಳಬೇಕು. ಬಾಯಿಮಾತಿನ ತಿದ್ದುಪಡಿಯ ಆಯುಸ್ಸು ತುಂಬ ಕಡಿಮೆ.

## ‘ಬರೆದ ಹಾಗೆ ಕೊಡ್ರೀ’ ಅಂದರೆ

ಎಲ್ಲಾ ಫೋನೂ ಹೀಗೆ ಸುಖವಾಗಿ ಮುಗಿಯೋದಿಲ್ಲ. “ನಾನು ನೋಡೇ ಬರೆದಿರೋದು, ಕೊಡ್ರೀ” ಅಂತ ಉತ್ತರ ಬಂತು ಅನ್ನಿ. ಇಲ್ಲಿ ಬಹಳಷ್ಟು ಜನ ಹಿಂದೆ ಸರಿಯುತ್ತಾರೆ. ಕೇಳೋದು ಕೇಳಿಯಾಯಿತು, ಅವರು ಹೇಳಿದ ಮೇಲೆ ಅವರ ಹೊಣೆ ಅಂತ. ಆದರೆ ಮಾತ್ರೆ ಕೈಯಿಂದ ಕೈಗೆ ಹೋಗೋದು ಫಾರ್ಮಸಿಸ್ಟ್ ಕೈಯಿಂದ. ಅಪಾಯ ಅಂತ ಗೊತ್ತಿದ್ದೂ ಕೊಟ್ಟರೆ ಹೊಣೆ ಇಬ್ಬರದು.

ಅಮೆರಿಕದಲ್ಲಿ 2006ರಲ್ಲಿ ಆಸ್ಪತ್ರೆ ಸಿಬ್ಬಂದಿಗಾಗಿ ಮಾಡಿದ ‘ಟೀಮ್‌ಸ್ಟೆಪ್ಸ್’ ಅನ್ನೋ ತರಬೇತಿಯಲ್ಲಿ ಇದಕ್ಕೆ ಒಂದು ಉಪಾಯ ಹೇಳಿಕೊಡುತ್ತಾರೆ. ಮೊದಲ ಸಲ ಕೇಳಿಸಿಕೊಳ್ಳಲಿಲ್ಲ ಅಂದರೆ ಇನ್ನೊಂದು ಸಲ ಹೇಳಲೇಬೇಕು, ಅದೂ ಮಾತಿನ ಮೆಟ್ಟಿಲು ಒಂದೊಂದೇ ಏರಿಸುತ್ತಾ. ನನಗೆ ಇದರ ಬಗ್ಗೆ ಚಿಂತೆ ಇದೆ, ಹೀಗೆ ಕೊಡೋಕೆ ನನಗೆ ಸಮಾಧಾನ ಇಲ್ಲ, ಇದು ರೋಗಿಯ ಸುರಕ್ಷತೆಯ ಪ್ರಶ್ನೆ. ಕನ್ನಡದಲ್ಲಿ ಸಹಜವಾಗಿ ಹೇಳಿದರೆ ಹೀಗಾಗುತ್ತದೆ:

“ಡಾಕ್ಟ್ರೇ, ನಿಮ್ಮ ಹೊತ್ತು ಹಾಳು ಮಾಡೋಕೆ ನನಗೂ ಇಷ್ಟ ಇಲ್ಲ. ಆದರೆ ಮೆಥೋಟ್ರೆಕ್ಸೇಟ್ ಮಾತ್ರೆ ದಿನಾ ಅಂತ ಕೊಡೋಕೆ ನನಗೆ ಆಗಲ್ಲ. ದಿನಾ ಕೊಡಬೇಕಾದ ಕಾರಣ ಏನಾದರೂ ಇದ್ದರೆ, ಯಾವ ಕಾಯಿಲೆಗೆ, ಎಷ್ಟು ದಿನಕ್ಕೆ ಅಂತ ಚೀಟಿಯಲ್ಲಿ ಬರೆದು ಕಳಿಸಿ, ನಾನು ಓದಿ ನೋಡ್ತೀನಿ. ಅಲ್ಲಿವರೆಗೆ ಈ ಒಂದು ಮಾತ್ರೆ ಮಾತ್ರ ತಡೆದಿಟ್ಟಿರ್ತೀನಿ.”

‘ಕೊಡಬಾರದು’ ಅನ್ನಲಿಲ್ಲ, ‘ನನಗೆ ಕೊಡೋಕೆ ಆಗಲ್ಲ’ ಅಂದದ್ದು. ಡಾಕ್ಟರ ನಿರ್ಧಾರಕ್ಕೆ ತೀರ್ಪು ಕೊಟ್ಟ ಹಾಗಾಗಲಿಲ್ಲ, ತನ್ನ ಕೆಲಸದ ಗೆರೆ ಎಲ್ಲಿದೆ ಅಂತ ಹೇಳಿದ ಹಾಗಾಯಿತು. ಕಾರಣ ಬರೆಯೋಕೆ ಕೂತಾಗ ಎಷ್ಟೋ ತಪ್ಪು ಬರೆದವರಿಗೇ ಕಾಣುತ್ತದೆ. ಅಷ್ಟಕ್ಕೂ ಒಪ್ಪಲಿಲ್ಲ ಅಂದರೆ ಅದೇ ವಿಭಾಗದ ಹಿರಿಯ ಡಾಕ್ಟರ ಹತ್ತಿರ ಹೋಗಬೇಕು, ಆದರೆ ಹೋಗುತ್ತೀನಿ ಅಂತ ಮೊದಲು ಇವರಿಗೇ ಹೇಳಿ ಹೋಗಬೇಕು. ಬೆನ್ನ ಹಿಂದೆ ಹೋದ ಹಾಗೆ ಅನ್ನಿಸಿದರೆ ಮುಂದಿನ ಹತ್ತು ಫೋನಿಗೆ ಉತ್ತರ ಸಿಗಲಿಕ್ಕಿಲ್ಲ.

ಡಾಕ್ಟರು ಸಿಗಲೇ ಇಲ್ಲ, ಫೋನ್ ಎತ್ತಿದ್ದು ಸಹಾಯಕರು ಅಂದರೆ? “ಕೇಳಿ ಹೇಳ್ತೀನಿ” ಅಂತ ಹೋಗಿ ಬಂದು “ಸರಿ ಇದೆಯಂತೆ” ಅನ್ನೋ ಉತ್ತರವನ್ನು ಈ ಔಷಧಕ್ಕೆ ಉತ್ತರ ಅಂತ ಹಿಡಿಯೋಕಾಗಲ್ಲ. ನಡುವೆ ಏನು ಕೇಳಿದರು, ಏನು ಕೇಳಿಸಿತು ಗೊತ್ತಿಲ್ಲ. ಡಾಕ್ಟರ ಜೊತೆ ನೇರ ಮಾತಾಗಬೇಕು, ಇಲ್ಲ ಅವರು ಬರೆದು ಕಳಿಸಬೇಕು.

## ಡಾಕ್ಟರ ಸಿಟ್ಟಿನಲ್ಲೂ ಅರ್ಥ ಇದೆ

ಡಾಕ್ಟರ ಕಡೆಯ ವಾದ ಪೂರ್ತಿ ಅಹಂಕಾರ ಅಂತ ತಳ್ಳಿಹಾಕೋಕೆ ಆಗಲ್ಲ. ದಿನಕ್ಕೆ ಹತ್ತಾರು ಫೋನ್ ಬರುತ್ತವೆ. ಅದರಲ್ಲಿ ಬಹಳಷ್ಟು, ಈ ಕಂಪನಿಯದು ಇಲ್ಲ, ಆ ಕಂಪನಿಯದು ಕೊಡಲಾ ಅನ್ನೋ ಥರದವು. ಇನ್ನಷ್ಟು, ಕಂಪ್ಯೂಟರು ಎರಡು ಔಷಧ ಸೇರಬಾರದು ಅಂತ ಕೆಂಪು ತೋರಿಸಿತು ಅಂತ ಮಾಡಿದವು. ಕಂಪ್ಯೂಟರು ಸಣ್ಣದಕ್ಕೂ ದೊಡ್ಡದಕ್ಕೂ ಅದೇ ಕೆಂಪು ತೋರಿಸುತ್ತದೆ. ಹತ್ತು ಪುಟ್ಟ ಫೋನುಗಳ ನಡುವೆ ಮೆಥೋಟ್ರೆಕ್ಸೇಟಿನ ಫೋನ್ ಬಂದರೆ ಅದೂ ಹನ್ನೊಂದನೆಯ ಕಿರಿಕಿರಿ ಅಂತಲೇ ಕೇಳಿಸುತ್ತದೆ. ಇನ್ನೂ ಒಂದಿದೆ. ರೋಗಿಯ ಪೂರ್ತಿ ಕಥೆ, ಪರೀಕ್ಷೆಯ ಫಲಿತಾಂಶ ಗೊತ್ತಿರೋದು ಡಾಕ್ಟರಿಗೆ. ಫಾರ್ಮಸಿಸ್ಟ್ ಕೈಯಲ್ಲಿರೋದು ಎರಡು ಸಾಲಿನ ಚೀಟಿ.

ಫಾರ್ಮಸಿಸ್ಟ್ ಹೇಳೋದು, ಆ ಕಥೆಯನ್ನು ನಮಗೆ ಯಾರು ಹೇಳಿದ್ದಾರೆ ಅಂತ. ಚೀಟಿಯಲ್ಲಿ ‘ಸಂಧಿವಾತ’ ಅಂತ ಒಂದು ಪದ ಬರೆದಿದ್ದರೆ ಅರ್ಧ ಫೋನುಗಳು ಬೇಕೇ ಆಗುತ್ತಿರಲಿಲ್ಲ. ಇದು ನ್ಯಾಯವಾದ ಮಾತು ಅಂತ ನನಗನ್ನಿಸುತ್ತದೆ. ಕಾಯಿಲೆಯ ಹೆಸರು ಮತ್ತು ವಾರದ ದಿನದ ಹೆಸರು, ಈ ಔಷಧದ ಮಟ್ಟಿಗೆ ಈ ಎರಡು ಪದ ಚೀಟಿಯಲ್ಲಿ ಇರಬೇಕು ಅನ್ನೋದಕ್ಕೆ ಎದುರುವಾದ ಇರೋಕೆ ಕಷ್ಟ. ಅದೇ ಹೊತ್ತಿಗೆ ಫಾರ್ಮಸಿಸ್ಟರೂ ತಮ್ಮ ಫೋನುಗಳನ್ನು ಜರಡಿ ಹಿಡಿಯಬೇಕು. ಕಾಯಬಹುದಾದ್ದನ್ನು ಒಟ್ಟು ಮಾಡಿ ದಿನದ ಕೊನೆಗೆ ಒಂದೇ ಸಲ ಕೇಳಿದರೆ, ಮಧ್ಯಾಹ್ನ ಹನ್ನೆರಡಕ್ಕೆ ಬಂದ ಫೋನಿಗೆ ತೂಕ ಬರುತ್ತದೆ.

## ತಡೆಯೋದರಲ್ಲೂ ಅಪಾಯ ಇದ್ದಾಗ

ಮೇಲಿನ ಚೀಟಿಯಲ್ಲಿ ಫಾರ್ಮಸಿಸ್ಟ್ ಗಟ್ಟಿಯಾಗಿ ನಿಲ್ಲೋಕೆ ಒಂದು ಅನುಕೂಲ ಇತ್ತು. ಸಂಧಿವಾತದ ಮೆಥೋಟ್ರೆಕ್ಸೇಟ್ ಒಂದೆರಡು ದಿನ ತಡವಾಗಿ ಶುರುವಾದರೆ ಏನೂ ಆಗಲ್ಲ, ಅದು ಕೆಲಸ ಮಾಡೋಕೇ ಕೆಲವು ವಾರ ಬೇಕು. ಕೊಟ್ಟರೆ ಪ್ರಾಣಾಪಾಯ, ತಡೆದರೆ ಸ್ವಲ್ಪ ಕಾಯೋದು. ತಕ್ಕಡಿ ಪೂರ್ತಿ ಒಂದೇ ಕಡೆ.

ಅದೇ ರೋಗಿ ಮೂರು ತಿಂಗಳ ಮೇಲೆ ಬರುತ್ತಾರೆ ಅಂದುಕೊಳ್ಳಿ. ಬುಧವಾರದ ಮಾತ್ರೆ ಸರಿಯಾಗಿ ನಡೆಯುತ್ತಿದೆ. ಈಗ ಉರಿಮೂತ್ರ, ಚಳಿಜ್ವರ. ಬೇರೆ ಡಾಕ್ಟರು ಕೋ-ಟ್ರೈಮಾಕ್ಸಜೋಲ್ ಅನ್ನೋ ಆಂಟಿಬಯಾಟಿಕ್ ಬರೆದಿದ್ದಾರೆ. ಚೀಟಿಯಲ್ಲಿ ಒಂದಕ್ಷರ ತಪ್ಪಿಲ್ಲ, ಎಲ್ಲಾ ಸ್ಪಷ್ಟ. ಆದರೆ ಅದರಲ್ಲಿರೋ ಟ್ರೈಮೆಥೋಪ್ರಿಮ್ ಕೂಡ ಫೋಲೇಟಿಗೇ ಅಡ್ಡ ಬರೋ ಔಷಧ. ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ಮೂಳೆಮಜ್ಜೆ ಮಕಾಡೆ ಬೀಳಬಹುದು. ಈ ಡಾಕ್ಟರಿಗೆ ಮೆಥೋಟ್ರೆಕ್ಸೇಟ್ ವಿಷಯ ಗೊತ್ತೇ ಇಲ್ಲ, ರೋಗಿಗೂ ಹೇಳಬೇಕು ಅನ್ನಿಸಿಲ್ಲ, ವಾರಕ್ಕೊಂದು ದಿನದ ಮಾತ್ರೆ ಅಲ್ವಾ, ನೆನಪೂ ಆಗೋದಿಲ್ಲ.

ಇಲ್ಲಿ ಸುಮ್ಮನೆ ತಡೆದಿಟ್ಟು ಕೂರೋಕಾಗಲ್ಲ, ಸೋಂಕು ಕಾಯೋದಿಲ್ಲ. ಹಾಗಾಗಿ ಫೋನಿನ ರೂಪವೂ ಬದಲಾಗುತ್ತದೆ. “ಅವರು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ತಗೊಳ್ತಾ ಇದ್ದಾರೆ, ನಿಮಗೆ ಹೇಳಿರಲಿಕ್ಕಿಲ್ಲ. ಕೋ-ಟ್ರೈಮಾಕ್ಸಜೋಲ್ ಜೊತೆ ಸೇರಿದರೆ ರಕ್ತಕಣ ಬೀಳೋ ಅಪಾಯ ಇದೆ. ಸೋಂಕಿಗೆ ಇವತ್ತೇ ಮದ್ದು ಶುರುವಾಗಬೇಕು, ಟ್ರೈಮೆಥೋಪ್ರಿಮ್ ಇಲ್ಲದ ಬೇರೆ ಆಂಟಿಬಯಾಟಿಕ್ ಬರೆದುಕೊಡ್ತೀರಾ? ಜ್ವರ ಇರೋದರಿಂದ ಈ ವಾರದ ಮೆಥೋಟ್ರೆಕ್ಸೇಟ್ ನಿಲ್ಲಿಸಬೇಕಾ ಅಂತಲೂ ಕೇಳಬೇಕಿತ್ತು.” ಇಲ್ಲಿ ಬರೀ ತಕರಾರು ಎತ್ತಿದರೆ ಸಾಲದು, ಪರ್ಯಾಯದ ಕಡೆ ಬೆರಳು ತೋರಿಸಬೇಕು. ಡಾಕ್ಟರು ಸಿಗಲಿಲ್ಲ ಅಂದರೆ ರೋಗಿಯನ್ನು ಮನೆಗೆ ಕಳಿಸೋದಲ್ಲ, ಅವತ್ತೇ ನೋಡೋ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಬೇಕು. ಕೈಯಲ್ಲಿ, ಮೆಥೋಟ್ರೆಕ್ಸೇಟ್ ನಡೀತಿದೆ, ಇದಕ್ಕಾಗಿ ಇದನ್ನು ಕೊಟ್ಟಿಲ್ಲ ಅಂತ ನಾಲ್ಕು ಸಾಲು ಬರೆದುಕೊಟ್ಟು.

## ಕಾದು ಕೂತ ರೋಗಿಗೆ

ಫೋನ್ ನಡೆಯೋ ಹೊತ್ತಿಗೆ ರೋಗಿ ಎದುರಿಗೇ ನಿಂತಿರುತ್ತಾರೆ. ಡಾಕ್ಟರು ತಪ್ಪು ಬರೆದಿದ್ದಾರೆ ಅಂದುಬಿಟ್ಟರೆ ಅವರು ಆ ಡಾಕ್ಟರನ್ನೂ ನಂಬಲ್ಲ, ಕೊನೆಗೆ ಸರಿಯಾದ ಮಾತ್ರೆಯನ್ನೂ ನುಂಗಲ್ಲ. ಏನೂ ಇಲ್ಲ, ಸುಮ್ನೆ ಅಂದರೆ ಅದು ಸುಳ್ಳು. “ಅಮ್ಮಾ, ಈ ಮಾತ್ರೆ ಎಷ್ಟು ದಿನಕ್ಕೊಮ್ಮೆ ಅನ್ನೋದು ಬಹಳ ಮುಖ್ಯ. ಚೀಟಿಯಲ್ಲಿ ಇರೋದು ಮಾಮೂಲಿಗಿಂತ ಬೇರೆ ಇದೆ, ಡಾಕ್ಟರನ್ನೇ ಕೇಳ್ತಾ ಇದ್ದೀನಿ. ಉತ್ತರ ಬರೋವರೆಗೆ ಇದನ್ನು ಕೊಡಲ್ಲ, ತಡವಾದರೆ ನಿಮಗೇನೂ ತೊಂದರೆ ಇಲ್ಲ.” ಇಷ್ಟು ನಿಜ, ಇಷ್ಟು ಸಾಕು.

ಉತ್ತರ ಬಂದ ಮೇಲೆ ಕೊಡೋ ಬಗೆ. 10 ಮಿಲಿಗ್ರಾಂನ ಒಂದು ಮಾತ್ರೆಯೋ, 2.5 ಮಿಲಿಗ್ರಾಂನ ನಾಲ್ಕು ಮಾತ್ರೆಯೋ? ಎರಡು ಅಳತೆ ಮನೆಯಲ್ಲಿ ಕಲೆತರೆ ನಾಲ್ಕು ಮಾತ್ರೆ 40 ಮಿಲಿಗ್ರಾಂ ಆಗಿಬಿಡುತ್ತದೆ, ಅದಕ್ಕೇ ಯಾವಾಗಲೂ 2.5ರದ್ದನ್ನೇ ಕೊಡೋದು ಒಳ್ಳೆಯದು ಅಂತ ಅನೇಕ ಕಡೆ ಪಾಲಿಸುತ್ತಾರೆ. ಇದನ್ನೂ ಅದೇ ಫೋನಿನಲ್ಲಿ ಕೇಳಿಕೊಂಡು ಚೀಟಿಗೆ ಸೇರಿಸಿಕೊಳ್ಳಬಹುದು. ಹಾಗೆ ಕೊಟ್ಟರೆ ನಾಲ್ಕು ವಾರಕ್ಕೆ 16 ಮಾತ್ರೆ. ಅಷ್ಟೇ, ಒಂದೂ ಜಾಸ್ತಿ ಇಲ್ಲ. ದಿನಾ ನುಂಗೋಕೆ ಹೋದರೆ ನಾಲ್ಕೇ ದಿನಕ್ಕೆ ಖಾಲಿಯಾಗಿ ವಾಪಸ್ ಬರಬೇಕಾಗುತ್ತದೆ, ತಪ್ಪು ಅಲ್ಲಿ ಸಿಕ್ಕಿಬೀಳುತ್ತದೆ. ಪೊಟ್ಟಣದ ಮೇಲೆ ‘ಬುಧವಾರ ಮಾತ್ರ, 4 ಮಾತ್ರೆ, ಗಂಟುನೋವಿಗೆ, ಬೇರೆ ದಿನ ಬೇಡ’ ಅಂತ ಪೂರ್ತಿ ಅಕ್ಷರದಲ್ಲಿ ಬರೆದು, ಅವರ ಬಾಯಲ್ಲೇ ಯಾವ ದಿನ ಅಂತ ಹೇಳಿಸಬೇಕು. ಬಾಯಿಹುಣ್ಣು, ಜ್ವರ, ಉಸಿರುಕಟ್ಟೋ ಒಣಕೆಮ್ಮು ಬಂದರೆ ಮುಂದಿನ ಬುಧವಾರದವರೆಗೆ ಕಾಯಬೇಡಿ, ಮೊದಲು ಬನ್ನಿ ಅಂತಲೂ.

## ಫೋನ್ ಇಟ್ಟ ಮೇಲೆ

ಕೇಳಿದ್ದನ್ನು ಬರೆದಿಡಬೇಕು. ತಾರೀಕು, ಹೊತ್ತು, ಯಾರ ಜೊತೆ ಮಾತು, ಚೀಟಿಯಲ್ಲಿ ಏನಿತ್ತು, ಏನಾಯಿತು. ‘ಡಾಕ್ಟರ ನಿರ್ಲಕ್ಷ್ಯ’ ಅನ್ನೋ ಥರದ ಪದ ಅದರಲ್ಲಿ ಬೇಡ, ನಡೆದದ್ದಷ್ಟೇ ಸಾಕು. ಇದೇ ಡಾಕ್ಟರಲ್ಲ, ಬೇರೆ ಬೇರೆಯವರ ಚೀಟಿಯಲ್ಲೂ ಮೆಥೋಟ್ರೆಕ್ಸೇಟ್ ‘ದಿನಕ್ಕೊಂದು’ ಅಂತಲೇ ಬರುತ್ತಿದೆ ಅಂತ ಆ ದಾಖಲೆಯಿಂದ ಗೊತ್ತಾದರೆ, ದೋಷ ಮನುಷ್ಯರಲ್ಲಲ್ಲ, ತಾನೇ ತುಂಬಿಕೊಳ್ಳೋ ತಂತ್ರಾಂಶದಲ್ಲಿದೆ. ಆಗ ಫೋನ್ ಹೋಗಬೇಕಾದ್ದು ಅದನ್ನು ನೋಡಿಕೊಳ್ಳೋರಿಗೆ. ಈ ಔಷಧ ಆರಿಸಿದರೆ ‘ವಾರಕ್ಕೊಮ್ಮೆ’ ಅಂತಲೇ ಬರೋ ಹಾಗೆ, ದಿನಾ ಅಂತ ಬದಲಿಸೋಕೆ ಹೋದರೆ ಕ್ಯಾನ್ಸರ್ ಕಾರಣ ಕೇಳೋ ಹಾಗೆ ಮಾಡಿ ಅಂತ ಅಮೆರಿಕದ ಸುರಕ್ಷಿತ ಔಷಧ ಬಳಕೆ ಸಂಸ್ಥೆ ಐಎಸ್‌ಎಂಪಿ ವರ್ಷಗಳಿಂದ ಹೇಳುತ್ತಾ ಬಂದಿದೆ.

ಇನ್ನೊಂದು ಚಿಕ್ಕ ವಿಷಯ ಬಹಳ ಸಲ ತಪ್ಪಿಹೋಗುತ್ತದೆ. ಕಾಗದದ ಚೀಟಿ ತಿದ್ದಿದರು, ಸರಿ. ಆದರೆ ಡಾಕ್ಟರ ಕಂಪ್ಯೂಟರಿನಲ್ಲಿ ಹಳೇ ಸಾಲು ಹಾಗೇ ಇದ್ದರೆ, ಮುಂದಿನ ತಿಂಗಳು ‘ಹೋದ ಸಲದ್ದೇ ಮುಂದುವರಿಸಿ’ ಅಂತ ಒಂದು ಗುಂಡಿ ಒತ್ತಿದಾಗ ‘ದಿನಕ್ಕೊಂದು’ ಮತ್ತೆ ಎದ್ದು ಬರುತ್ತದೆ. ಅವತ್ತು ಬೇರೆ ಫಾರ್ಮಸಿಸ್ಟ್ ಇರಬಹುದು. ಹಾಗಾಗಿ ಆ ಮೊದಲ ಫೋನಿನಲ್ಲೇ, ಧನ್ಯವಾದ ಹೇಳಿ ಇಡೋ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: “ನಿಮ್ಮ ಕಂಪ್ಯೂಟರಲ್ಲೂ ಈಗಲೇ ಬದಲಿಸ್ತೀರಾ ಡಾಕ್ಟ್ರೇ? ನಾನು ಲೈನಲ್ಲೇ ಇರ್ತೀನಿ.”